ಮೋಷನ್ ಆಗಿಲ್ಲ, ಯೂರಿನ್ ಬರ್ತಾ ಇಲ್ಲ: ವಾರ್ಡ್ ನೋಟಿನ ಕಂಗ್ಲಿಷಿಗೆ ಪದಪಟ್ಟಿ ಮಾಡುವ ಬಗೆ

ಸರ್ಜರಿ ವಾರ್ಡಿನ ನೈಟ್ ಡ್ಯೂಟಿ ನೋಟಿನಲ್ಲಿ ‘ಮೋಷನ್ ಆಗಿದೆ’ ಅಂತ ಇದ್ದರೆ ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರಿಗೆ ಅದು ಒಳ್ಳೆ ಸುದ್ದಿ. ಹೊಟ್ಟೆ ಆಪರೇಷನ್ ಆದವರ ಕರುಳು ಮತ್ತೆ ಕೆಲಸ ಶುರು ಮಾಡಿದೆ ಎಂದರ್ಥ. ಮಕ್ಕಳ ವಾರ್ಡಿನಲ್ಲಿ ‘ರಾತ್ರಿಯಿಂದ ಮೋಷನ್ ಆಗ್ತಾ ಇದೆ’ ಅಂದರೆ ಭೇದಿ. ಮಗು ಎಷ್ಟು ನೀರು ಕಳೆದುಕೊಂಡಿದೆ ಅಂತ ತಕ್ಷಣ ನೋಡಬೇಕು. ಮೆಡಿಸಿನ್ ವಾರ್ಡಿನಲ್ಲಿ ‘ಮೂರು ದಿನದಿಂದ ಮೋಷನ್ ಆಗಿಲ್ಲ’ ಅಂದರೆ ಮಲಬದ್ಧತೆ. ಮೂರು ಕಡೆಯೂ ಇಂಗ್ಲಿಷ್ ಪದ ಒಂದೇ. ಅರ್ಥ ಬದಲಾಗಿದ್ದು ಅದರ ಪಕ್ಕದ ಕನ್ನಡ ಕ್ರಿಯಾಪದದಿಂದ.

ಕರ್ನಾಟಕದ ಆಸ್ಪತ್ರೆಗಳ ವಾರ್ಡ್ ನೋಟ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ರೋಗಿ ಹೇಳಿದ್ದನ್ನು ಬರೆಯುವಾಗ, ಕೈ ಅವಸರದಲ್ಲಿದ್ದಾಗ, ಕನ್ನಡ ನುಸುಳುತ್ತದೆ. ಅದೂ ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿ. ಇವನ್ನು ಓದಿ ಅಂಕಿಅಂಶ ತೆಗೆಯಬೇಕಾದ ಮೆಡಿಕಲ್ ರೆಕಾರ್ಡ್ಸ್‌ನವರಿಗೆ, ಆಡಿಟ್ ಮಾಡುವವರಿಗೆ, ಹೊಸದಾಗಿ ಸೇರಿದ ನರ್ಸ್‌ಗೆ, ಸಾಫ್ಟ್‌ವೇರ್ ಮಾಡುವವರಿಗೆ ಒಂದು ಪದಪಟ್ಟಿ ಬೇಕಾಗುತ್ತದೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಕೊಟ್ಟಿರುವ ನೋಟಿನ ಸಾಲುಗಳು ನಾನೇ ಕಟ್ಟಿದವು, ಯಾವ ರೋಗಿಯ ಫೈಲಿನಿಂದಲೂ ತೆಗೆದದ್ದಲ್ಲ.

ಮೊದಲು ಗಡಿ ಹಾಕಿಕೊಳ್ಳಿ

ಇಡೀ ಆಸ್ಪತ್ರೆಗೆ ಒಂದೇ ಸಲ ಪಟ್ಟಿ ಮಾಡಲು ಹೊರಟರೆ ಮುಗಿಯುವುದಿಲ್ಲ. ಒಂದು ವಾರ್ಡ್ ಹಿಡಿಯಿರಿ. ಅದರಲ್ಲೂ ರೋಗಲಕ್ಷಣ ಮತ್ತು ರೋಗಿಗೆ ಆದ ಘಟನೆಗಳನ್ನು ಮಾತ್ರ ತೆಗೆದುಕೊಳ್ಳಿ. ಔಷಧಿ ಹೆಸರು, ಟೆಸ್ಟ್ ಹೆಸರು, ಉಪಕರಣಗಳ ಹೆಸರು ಈಗ ಬೇಡ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ, ಗೊಂದಲವೂ ಕಡಿಮೆ.

ಸಂಕ್ಷೇಪಗಳಿಗೆ ಬೇರೆ ಶೀಟ್ ಇಡಿ. ‘ಪಿಟಿ’ ಅಂದರೆ ಒಬ್ಬರಿಗೆ ಪೇಷಂಟ್, ಇನ್ನೊಬ್ಬರಿಗೆ ಫಿಸಿಯೋಥೆರಪಿ, ಲ್ಯಾಬಿನವರಿಗೆ ಪ್ರೋಥ್ರಾಂಬಿನ್ ಟೈಮ್. ‘ಬಿಎಸ್’ ಅಂದರೆ ಬ್ಲಡ್ ಶುಗರ್ ಇರಬಹುದು, ಬವೆಲ್ ಸೌಂಡ್ಸ್ ಇರಬಹುದು, ಬ್ರೆತ್ ಸೌಂಡ್ಸೂ ಇರಬಹುದು. ಅದು ಬೇರೆಯದೇ ತಲೆನೋವು, ಕಂಗ್ಲಿಷ್ ನುಡಿಗಟ್ಟುಗಳ ಜೊತೆ ಬೆರೆಸಬೇಡಿ.

ಅನುಮತಿ ಇಲ್ಲದೆ ಒಂದು ಪುಟವನ್ನೂ ತೆರೆಯಬೇಡಿ. ಸಂಶೋಧನೆ ಅಂತಾದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಬೇಕು. ಒಳಗಿನ ಗುಣಮಟ್ಟದ ಕೆಲಸ ಅಂತಾದರೂ ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನುಡಿಗಟ್ಟನ್ನು ನಿಮ್ಮ ಶೀಟಿಗೆ ಎತ್ತಿಕೊಳ್ಳುವಾಗಲೇ ಹೆಸರು, ಐಪಿ ನಂಬರ್, ಬೆಡ್ ನಂಬರ್, ಊರು, ಫೋನ್ ಎಲ್ಲವನ್ನೂ ಬಿಟ್ಟುಬಿಡಿ. ‘ಆಮೇಲೆ ಅಳಿಸೋಣ’ ಅಂತ ಇಟ್ಟುಕೊಂಡದ್ದು ಅಳಿಸಿಹೋಗುವುದಿಲ್ಲ. ಮೊಬೈಲಿನಲ್ಲಿ ಪುಟದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ‘ಇದೇನು ಬರೆದಿದ್ದಾರೆ?’ ಅಂತ ಕೇಳುವ ಅಭ್ಯಾಸ ಬಹಳ ಜನಕ್ಕಿದೆ. ಈ ಕೆಲಸದಲ್ಲಿ ಅದು ಕೂಡದು.

ಪದ ಎತ್ತಬೇಡಿ, ಕ್ರಿಯಾಪದ ಸಮೇತ ಎತ್ತಿ

ಎಲ್ಲರೂ ಮೊದಲು ಮಾಡುವುದು ಪದಗಳ ಪಟ್ಟಿ. ಮೋಷನ್, ಯೂರಿನ್, ಗ್ಯಾಸ್, ಶುಗರ್, ಬಿಪಿ, ಫಿಟ್ಸ್. ಪಕ್ಕದಲ್ಲಿ ಒಂದೊಂದು ವೈದ್ಯಕೀಯ ಪದ. ನೋಡೋಕೆ ಚೆನ್ನಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ. ವಾರ್ಡಿನ ಕಂಗ್ಲಿಷಿನಲ್ಲಿ ನಾಮಪದ ಇಂಗ್ಲಿಷಿನಿಂದ ಬರುತ್ತದೆ, ಕ್ರಿಯಾಪದ ಕನ್ನಡದಿಂದ ಬರುತ್ತದೆ, ಅರ್ಥ ಕೂತಿರುವುದು ಕ್ರಿಯಾಪದದಲ್ಲಿ. ಆದ್ದರಿಂದ ಪಟ್ಟಿಯ ಒಂದು ಸಾಲು ಅಂದರೆ ನಾಮಪದ ಮತ್ತು ಕ್ರಿಯಾಪದ ಸೇರಿದ ಇಡೀ ನುಡಿಗಟ್ಟು.

‘ಗ್ಯಾಸ್’ ನೋಡಿ. ‘ಗ್ಯಾಸ್ ಪಾಸ್ ಆಗಿಲ್ಲ’ ಅಂದರೆ ಆಪರೇಷನ್ ಆದ ಮೇಲೆ ಇನ್ನೂ ವಾಯು ಹೋಗಿಲ್ಲ. ‘ಗ್ಯಾಸ್ ತುಂಬಿದೆ’ ಅಂದರೆ ಹೊಟ್ಟೆ ಉಬ್ಬರ. ‘ಗ್ಯಾಸ್ ಆಗಿದೆ’ ಅಂದರೆ ಉಬ್ಬರ, ಎದೆಯುರಿ, ತೇಗು, ಮೇಲುಹೊಟ್ಟೆ ನೋವು, ಕೊನೆಗೆ ಎದೆನೋವು ಕೂಡ ಆಗಿರಬಹುದು. ಈ ಕೊನೆಯದಕ್ಕೆ ಮುಂದೆ ಮತ್ತೆ ಬರುತ್ತೇನೆ.

‘ಊಟ’ ಪೂರ್ತಿ ಕನ್ನಡ ಪದವಾದರೂ ಇದೇ ಕಥೆ. ‘ಊಟ ಮಾಡಿಲ್ಲ’ ಅಂದರೆ ಇನ್ನೂ ಮಾಡಿಲ್ಲ ಅಷ್ಟೇ. ಬೆಳಗ್ಗೆ ಆಪರೇಷನ್ ಇದೆ ಅಂತ ನಾವೇ ತಡೆದಿರಬಹುದು. ‘ಊಟ ಮಾಡಲ್ಲ’ ಅಂದರೆ ಬೇಡ ಅನ್ನುತ್ತಿದ್ದಾರೆ. ‘ಊಟ ಸೇರಲ್ಲ’ ಅಂದರೆ ಹಸಿವಿಲ್ಲ, ರುಚಿ ಇಲ್ಲ. ‘ಊಟ ಇಳಿಯಲ್ಲ’ ಅಂದರೆ ನುಂಗಲು ತೊಂದರೆ ಇರಬಹುದು, ಅಂದರೆ ಡಿಸ್ಫೇಜಿಯಾ. ಇವು ನಾಲ್ಕು ಸಾಲು, ಒಂದಲ್ಲ.

ನೋಟಿನಿಂದ ಎತ್ತುವಾಗ ಬರೆದದ್ದನ್ನು ಹಾಗೇ ಬರೆದುಕೊಳ್ಳಿ. ಸ್ಪೆಲ್ಲಿಂಗ್ ತಿದ್ದಬೇಡಿ, ಕನ್ನಡ ಅಕ್ಷರಕ್ಕೆ ತಿರುಗಿಸಬೇಡಿ. ಅದರ ಜೊತೆ ಮೂರು ಸಣ್ಣ ವಿಷಯ ಸೇರಿಸಿ: ಯಾವ ವಾರ್ಡ್, ಮಾತು ಯಾರದ್ದು, ಅದಕ್ಕೆ ಹಿಂದಿನ ಅಥವಾ ಮುಂದಿನ ಒಂದು ಸಾಲು. ಮಾತು ಯಾರದ್ದು ಅನ್ನುವುದು ಮುಖ್ಯ. ‘ಫಿಟ್ಸ್ ಬಂತು’ ಅಂತ ಮನೆಯವರು ಹೇಳಿದ್ದನ್ನು ಬರೆದಿದ್ದಾರೋ, ನರ್ಸ್ ತಾವೇ ಕಣ್ಣಾರೆ ನೋಡಿ ಬರೆದಿದ್ದಾರೋ? ತಲೆಸುತ್ತಿ ಬಿದ್ದು ಕೈಕಾಲು ಒಮ್ಮೆ ಅದುರಿದ್ದನ್ನೂ ಮನೆಯವರು ಫಿಟ್ಸ್ ಅಂತಲೇ ಹೇಳುತ್ತಾರೆ. ಡಾಕ್ಟರ ಕಣ್ಣಿಗೆ ಅದು ಸಿಂಕೋಪ್, ಅಂದರೆ ಕ್ಷಣಕಾಲ ಪ್ರಜ್ಞೆ ತಪ್ಪಿದ್ದು ಆಗಿರಬಹುದು.

ಎಷ್ಟು ನೋಟ್ ಓದಬೇಕು? ಇಂತಿಷ್ಟೇ ಅಂತ ನಿಯಮವಿಲ್ಲ. ಐವತ್ತೈವತ್ತು ನೋಟಿನ ಕಂತೆ ಮಾಡಿಕೊಂಡು ಓದಿ. ಒಂದಿಡೀ ಕಂತೆಯಲ್ಲಿ ಹೊಸ ನುಡಿಗಟ್ಟು ಒಂದೆರಡಕ್ಕಿಂತ ಜಾಸ್ತಿ ಸಿಗದೆ ಹೋದರೆ ಆ ವಾರ್ಡಿಗೆ ಸದ್ಯಕ್ಕೆ ಸಾಕು. ಕಂತೆಯಲ್ಲಿ ಡೇ, ಈವನಿಂಗ್, ನೈಟ್ ಮೂರೂ ಶಿಫ್ಟಿನ ನೋಟ್ ಇರಲಿ. ರಾತ್ರಿ ನೋಟಿನಲ್ಲಿ ಕನ್ನಡ ಜಾಸ್ತಿ ಸಿಗುತ್ತದೆ. ಮಳೆಗಾಲದ ನೋಟ್ ಮಾತ್ರ ಓದಿದರೆ ಜ್ವರ, ಭೇದಿಯ ಮಾತೇ ತುಂಬಿಕೊಳ್ಳುತ್ತದೆ, ಅದಕ್ಕೆ ಬೇರೆ ಬೇರೆ ತಿಂಗಳಿಂದ ಆರಿಸಿ.

ಒಂದು ಸಾಲನ್ನು ಪೂರ್ತಿ ಮಾಡಿ ನೋಡೋಣ

‘ಯೂರಿನ್ ಬರ್ತಾ ಇಲ್ಲ’ ತೆಗೆದುಕೊಳ್ಳಿ. ನೋಟಿನಲ್ಲಿ ಹೀಗಿದೆ ಅಂದುಕೊಳ್ಳಿ: ‘ಸಂಜೆಯಿಂದ ಯೂರಿನ್ ಬರ್ತಾ ಇಲ್ಲ, ಡಾಕ್ಟರ್‌ಗೆ ಇನ್‌ಫಾರ್ಮ್ ಮಾಡಿದೆ.’

ಇದನ್ನು ಸ್ಟಾಂಡರ್ಡ್ ಪದಕ್ಕೆ ಹೊಂದಿಸಲು ಕೂತವರು ಮೊದಲು ಬರೆಯುವುದು ‘ರಿಟೆನ್ಷನ್ ಆಫ್ ಯೂರಿನ್’, ಅಂದರೆ ಮೂತ್ರ ಕಟ್ಟಿಕೊಂಡಿದೆ. ಆದರೆ ಈ ಮಾತಿಗೆ ಕಡೇ ಪಕ್ಷ ಮೂರು ಅರ್ಥವಿದೆ. ಮೂತ್ರಕೋಶ ತುಂಬಿದೆ, ಹೊರಗೆ ಬರುತ್ತಿಲ್ಲ. ಇದು ರಿಟೆನ್ಷನ್. ಮೂತ್ರಕೋಶವೇ ಖಾಲಿ, ಕಿಡ್ನಿ ಮೂತ್ರ ಮಾಡುತ್ತಿಲ್ಲ ಅಥವಾ ತೀರಾ ಕಡಿಮೆ ಮಾಡುತ್ತಿದೆ. ಇದು ಆಲಿಗ್ಯೂರಿಯಾ ಅಥವಾ ಅನ್ಯೂರಿಯಾ. ರೋಗಿಗೆ ಆಗಲೇ ಕ್ಯಾಥೆಟರ್ ಹಾಕಿದ್ದು, ಟ್ಯೂಬ್ ಮಡಚಿಕೊಂಡಿದೆ ಅಥವಾ ಕಟ್ಟಿದೆ, ಹಾಗಾಗಿ ಬ್ಯಾಗಿಗೆ ಬರುತ್ತಿಲ್ಲ. ಇದು ರೋಗಿಯ ತೊಂದರೆಯೇ ಅಲ್ಲ, ಕ್ಯಾಥೆಟರ್ ತೊಂದರೆ.

ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಮೊದಲನೆಯದಕ್ಕೆ ಕ್ಯಾಥೆಟರ್ ಹಾಕಬೇಕು. ಎರಡನೆಯದಕ್ಕೆ ಬಿಪಿ, ನೀರಿನಂಶ, ಕಿಡ್ನಿ ನೋಡಬೇಕು. ಮೂರನೆಯದಕ್ಕೆ ಟ್ಯೂಬ್ ಸರಿಮಾಡಬೇಕು. ಪಟ್ಟಿ ಇವನ್ನು ಒಂದೇ ಅಂತ ಮಾಡಿದರೆ, ಆಮೇಲೆ ಯಾರೋ ‘ನಮ್ಮ ವಾರ್ಡಿನಲ್ಲಿ ರಿಟೆನ್ಷನ್ ಜಾಸ್ತಿ’ ಅಂತ ರಿಪೋರ್ಟ್ ಬರೆಯುತ್ತಾರೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಬರೆದವರನ್ನೇ ಕೇಳುವುದು ಒಳ್ಳೆಯದು. ಆದರೆ ‘ಇದರ ಅರ್ಥವೇನು?’ ಅಂತ ಕೇಳಬೇಡಿ. ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. ನೋಡಿದ್ದೇನು, ಮಾಡಿದ್ದೇನು ಅಂತ ಕೇಳಿ. ಮಾತುಕತೆ ಹೀಗಿರಬೇಕು:

‘ಸಿಸ್ಟರ್, ನೀವು ಯೂರಿನ್ ಬರ್ತಾ ಇಲ್ಲ ಅಂತ ಬರೆಯೋದು ಯಾವಾಗ?’

‘ಅಟೆಂಡರ್ ಬಂದು, ಅಪ್ಪಂಗೆ ಹೋಗಬೇಕು ಅನ್ಸತ್ತೆ, ಹೋದ್ರೆ ಬರಲ್ಲ ಸಿಸ್ಟರ್ ಅಂತಾರಲ್ಲ, ಆಗ.’

‘ಕ್ಯಾಥೆಟರ್ ಇರೋರಿಗೆ?’

‘ಅವರಿಗೆ ಬ್ಯಾಗ್ ಖಾಲಿ ಇದ್ರೂ ಹಾಗೇ ಬರೀತೀವಿ ಸರ್. ಮೊದಲು ಟ್ಯೂಬ್ ನೋಡ್ತೀವಿ.’

‘ಹೊಟ್ಟೆ ಮುಟ್ಟಿ ನೋಡಿದ್ರೆ ಅದನ್ನೂ ಬರೀತೀರಾ?’

‘ಹೊಟ್ಟೆ ಗಟ್ಟಿ ಇದೆ ಅಂತ ಬರೀತೀವಿ. ಕೆಲವರು ಬ್ಲಾಡರ್ ಫುಲ್ ಅಂತಾರೆ.’

ಈ ಮಾತುಕತೆಯಲ್ಲಿ ಬೇಕಾದ ಸುಳಿವೆಲ್ಲ ಇದೆ. ಅಕ್ಕಪಕ್ಕದ ಸಾಲಿನಲ್ಲಿ ‘ಬ್ಲಾಡರ್ ಫುಲ್’ ಅಥವಾ ‘ಕೆಳಹೊಟ್ಟೆ ಗಟ್ಟಿ’ ಇದ್ದರೆ ರಿಟೆನ್ಷನ್ ಕಡೆಗೆ. ಕ್ಯಾಥೆಟರ್ ಹಾಕಿದ ಕೂಡಲೇ 700 ಎಂಎಲ್ ಬಂತು ಅಂತ ಮುಂದೆ ಬರೆದಿದ್ದರೆ ರಿಟೆನ್ಷನ್ ಖಚಿತ. ಹಾಕಿದ ಮೇಲೂ 20 ಎಂಎಲ್ ಮಾತ್ರ ಬಂದಿದ್ದರೆ ಕಿಡ್ನಿ ಕಡೆಗೆ ನೋಡಬೇಕು. ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಇದ್ದರೆ ಇನ್ನೂ ಸುಲಭ. ದೊಡ್ಡವರಲ್ಲಿ ಗಂಟೆಗೆ, ದೇಹತೂಕದ ಕಿಲೋಗೆ ಅರ್ಧ ಎಂಎಲ್‌ಗಿಂತ ಕಡಿಮೆ ಮೂತ್ರವನ್ನು ಆಲಿಗ್ಯೂರಿಯಾ ಅನ್ನುತ್ತಾರೆ. 60 ಕಿಲೋ ತೂಕದವರಿಗೆ ಅದು ಗಂಟೆಗೆ 30 ಎಂಎಲ್. ಈ ಯಾವ ಸುಳಿವೂ ಇಲ್ಲದಿದ್ದರೆ ಸಾಲು ‘ಅನಿಶ್ಚಿತ’ ಅಂತಲೇ ಉಳಿಯಬೇಕು.

ಈ ಸಾಲು ಶೀಟಿನಲ್ಲಿ ಹೀಗೆ ಕೂರುತ್ತದೆ:

- ನುಡಿಗಟ್ಟು: ಯೂರಿನ್ ಬರ್ತಾ ಇಲ್ಲ
- ಕಂಡ ರೂಪಗಳು: `urine bartha illa`, `urine bartilla`, `urin barthilla`
- ಅರ್ಥ 1: ರಿಟೆನ್ಷನ್ ಆಫ್ ಯೂರಿನ್, ಪ್ರತಿ ವೈದ್ಯಕೀಯ ಪದಕ್ಕೂ ನಂಬರ್ ಕೊಡುವ ಸ್ನೋಮೆಡ್ ಪಟ್ಟಿಯಲ್ಲಿ `267064002`. ಸುಳಿವು: ಬ್ಲಾಡರ್ ಫುಲ್, ಕ್ಯಾಥೆಟರ್ ಹಾಕಿದ ಮೇಲೆ ಜಾಸ್ತಿ ಬಂದಿದೆ
- ಅರ್ಥ 2: ಆಲಿಗ್ಯೂರಿಯಾ ಅಥವಾ ಅನ್ಯೂರಿಯಾ. ಸುಳಿವು: ಚಾರ್ಟಿನ ಅಳತೆ
- ಅರ್ಥ 3: ಕ್ಯಾಥೆಟರ್ ಕಟ್ಟಿದೆ. ಸುಳಿವು: ಆಗಲೇ ಕ್ಯಾಥೆಟರ್ ಇದೆ, ವಾಶ್ ಕೊಟ್ಟ ಮೇಲೆ ಬಂತು
- ಸುಳಿವಿಲ್ಲದಿದ್ದರೆ: ಹೊಂದಿಸಬೇಡಿ

‘ಯೂರಿನ್ ಕಟ್ಟಿದೆ’ ಬೇರೆ ಸಾಲು. ಅಲ್ಲಿ ‘ಕಟ್ಟು’ ಅನ್ನುವ ಕ್ರಿಯಾಪದವೇ ರಿಟೆನ್ಷನ್ ಅಂತ ಹೇಳಿಬಿಟ್ಟಿದೆ, ಅನುಮಾನ ಕಡಿಮೆ. ‘ಯೂರಿನ್ ಉರಿ’ ಡಿಸ್ಯೂರಿಯಾ. ‘ಯೂರಿನ್ ಗೊತ್ತಾಗದೆ ಹೋಗುತ್ತೆ’ ಇನ್‌ಕಾಂಟಿನೆನ್ಸ್. ‘ಯೂರಿನ್ ಹೋಗ್ತಾ ಇದೆ’ ಮಾತ್ರ ಮೋಸದ್ದು. ಕ್ಯಾಥೆಟರ್ ತೆಗೆದವರ ನೋಟಿನಲ್ಲಿ ‘ಚೆನ್ನಾಗಿ ಹೋಗ್ತಾ ಇದೆ’ ಅಂತ, ಮಲಗಿದಲ್ಲೇ ಇರುವ ಅಜ್ಜಿಯ ನೋಟಿನಲ್ಲಿ ‘ಬಟ್ಟೆಯಲ್ಲೇ ಹೋಗ್ತಾ ಇದೆ’ ಅಂತ.

ಸ್ಟಾಂಡರ್ಡ್ ಪದ ಎಲ್ಲಿಂದ

ನಾನು ಸ್ನೋಮೆಡ್ ಸಿಟಿ ಬಳಸಿ ಅನ್ನುತ್ತೇನೆ. ಐಸಿಡಿ-10 ಅನ್ನುವ ಕೋಡ್ ಪಟ್ಟಿ ಕಾಯಿಲೆ ಮತ್ತು ಸಾವಿನ ಕಾರಣಗಳ ಅಂಕಿಅಂಶಕ್ಕೆ ಮಾಡಿದ್ದು. ವಾರ್ಡಿನ ಸಣ್ಣ ಸಣ್ಣ ಲಕ್ಷಣಗಳಿಗೆ ಅದು ಒರಟಾಗುತ್ತದೆ. ವಾಕರಿಕೆ, ವಾಂತಿ ಎರಡೂ ಅದರಲ್ಲಿ ಆರ್11ರ ಕೆಳಗೇ ಬರುತ್ತವೆ. ಸ್ನೋಮೆಡ್‌ನಲ್ಲಿ ಎರಡಕ್ಕೂ ಬೇರೆ ನಂಬರ್ ಇದೆ. ಭಾರತ ಸ್ನೋಮೆಡ್‌ನ ಸದಸ್ಯ ದೇಶ, ಹಾಗಾಗಿ ಇಲ್ಲಿ ಬಳಸಲು ಲೈಸೆನ್ಸ್ ಉಚಿತ. ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಅನ್ನುವ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಸುಮ್ನೆ ಪದ ಹುಡುಕಿ ನೋಡಲು `browser.ihtsdotools.org` ಸಾಕು.

ಹುಡುಕುವಾಗ ಪ್ರತಿ ಪದದ ಕೊನೆಯ ಕಂಸದಲ್ಲಿ ಅದು ಯಾವ ಬಗೆಯದು ಅಂತ ಇರುತ್ತದೆ. ಅದನ್ನು ನೋಡದೆ ನಂಬರ್ ತೆಗೆದುಕೊಳ್ಳಬೇಡಿ. `finding` ಅಂದರೆ ಕಂಡದ್ದು, `disorder` ಅಂದರೆ ಕಾಯಿಲೆ. ಬಿಪಿ ವಿಷಯದಲ್ಲಿ ಈ ವ್ಯತ್ಯಾಸ ದಿನಾ ಕಾಡುತ್ತದೆ, ಶುಗರ್‌ನಲ್ಲಿ ಎರಡೂ `disorder` ಆದರೂ ನಂಬರ್ ಬೇರೆ:

```
BP ide            38341003   Hypertensive disorder
BP jaasti ittu    24184005   Finding of increased blood pressure
sugar ide         73211009   Diabetes mellitus
sugar jaasti ide  80394007   Hyperglycemia
```

‘ಬಿಪಿ ಇದೆ’ ಅಂದರೆ ಮೊದಲಿನಿಂದ ಬಿಪಿ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ ಅಂತ. ‘ಬಿಪಿ ಜಾಸ್ತಿ ಇತ್ತು’ ಅಂದರೆ ಆ ಹೊತ್ತಿಗೆ ಅಳೆದಾಗ ಜಾಸ್ತಿ ಇತ್ತು, ಅಷ್ಟೇ. ನೋವಿನಲ್ಲಿದ್ದವರಿಗೆ, ಹೆದರಿದವರಿಗೆ ಅದು ಆಗಬಹುದು. ‘ಶುಗರ್ ಇಳಿದಿದೆ’ ಇನ್ನೂ ತೊಡಕಿನದು. 380 ಇದ್ದದ್ದು 180ಕ್ಕೆ ಬಂದರೂ ಇಳಿದಿದೆ, 55ಕ್ಕೆ ಬಂದರೂ ಇಳಿದಿದೆ. ಮೊದಲನೆಯದು ಚಿಕಿತ್ಸೆ ಕೆಲಸ ಮಾಡಿದ್ದು, ಎರಡನೆಯದು ಹೈಪೋಗ್ಲೈಸೀಮಿಯಾ. ಪಕ್ಕದ ಅಂಕಿ 70ಕ್ಕಿಂತ ಕೆಳಗಿದ್ದರೆ ಮಾತ್ರ ಹೈಪೋ ಅಂತ ಹೊಂದಿಸಿ. ಅಂಕಿ ಇಲ್ಲದಿದ್ದರೆ ಬಿಡಿ.

ಹೊಂದಿಸಿದ ಪ್ರತಿ ಸಾಲಿಗೂ ಹೊಂದಿಕೆ ಎಂಥದು ಅಂತ ಒಂದು ಗುರುತು ಬೇಕು. ಸರಿಸಮ, ಸ್ಟಾಂಡರ್ಡ್ ಪದ ಹಿಗ್ಗಿದೆ, ಸ್ಟಾಂಡರ್ಡ್ ಪದ ಕುಗ್ಗಿದೆ, ಅನಿಶ್ಚಿತ. ‘ಸುಸ್ತು’ವನ್ನು ಫಟೀಗ್‌ಗೆ ಹೊಂದಿಸಬಹುದು, ಆದರೆ ಸುಸ್ತು ಅಂದರೆ ನಿಶ್ಶಕ್ತಿಯೂ ಹೌದು, ಹೃದಯದ ರೋಗಿ ನಾಲ್ಕು ಹೆಜ್ಜೆ ನಡೆದು ಏದುಸಿರು ಬಂದದ್ದನ್ನೂ ಸುಸ್ತು ಅಂತಲೇ ಹೇಳುತ್ತಾರೆ. ಅಲ್ಲಿ ಫಟೀಗ್ ಕುಗ್ಗಿದ ಪದ.

ಇಬ್ಬರು ಬೇರೆ ಬೇರೆ ಕೂತು ಹೊಂದಿಸಲಿ, ಒಬ್ಬರು ಡಾಕ್ಟರ್, ಒಬ್ಬರು ಆ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್. ಒಬ್ಬರ ಶೀಟ್ ಇನ್ನೊಬ್ಬರು ನೋಡಬಾರದು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಬೇರೆಯಾದ ಸಾಲುಗಳನ್ನು ಮಾತ್ರ ಚರ್ಚೆಗೆ ತೆಗೆದುಕೊಳ್ಳಿ. ಬಹುಮತದಿಂದ ತೀರ್ಮಾನ ಮಾಡುವುದು ಬೇಡ. ಇಬ್ಬರು ಬೇರೆ ಅರ್ಥ ಮಾಡಿಕೊಂಡರೆಂದರೆ ಆ ನುಡಿಗಟ್ಟಿಗೆ ನಿಜವಾಗಲೂ ಎರಡು ಅರ್ಥವಿದೆ ಅಂತಲೇ ಹೆಚ್ಚಾಗಿ.

ಮೇಲೇರಿಸಬೇಡಿ: ಗ್ಯಾಸ್ ಮತ್ತು ಸಂಕಟ

ಪಟ್ಟಿ ಮಾಡುವ ಡಾಕ್ಟರುಗಳಿಗೆ ಒಂದು ಚಾಳಿ ಇದೆ. ಲಕ್ಷಣ ಕಂಡ ಕೂಡಲೇ ಕಾಯಿಲೆಯ ಹೆಸರು ಬರೆದುಬಿಡುತ್ತಾರೆ. ‘ಗ್ಯಾಸ್ ಆಗಿದೆ’ ಎದುರು ಗ್ಯಾಸ್ಟ್ರೈಟಿಸ್, ‘ದಮ್ಮು’ ಎದುರು ಅಸ್ತಮಾ. ರೋಗಿ ಕಾಯಿಲೆ ಹೇಳಿಲ್ಲ, ತನಗೆ ಹೇಗಾಗುತ್ತಿದೆ ಅಂತ ಹೇಳಿದ್ದು. ಪಟ್ಟಿ ಅಲ್ಲಿಗೇ ನಿಲ್ಲಬೇಕು.

ಗ್ಯಾಸ್ ವಿಷಯದಲ್ಲಿ ಇದು ಅಪಾಯಕಾರಿ. ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಲವರಿಗೆ, ಅದರಲ್ಲೂ ಹೃದಯದ ಕೆಳಭಾಗದ ಗೋಡೆಗೆ ಪೆಟ್ಟಾದವರಿಗೆ, ನೋವು ಮೇಲುಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ವಾಂತಿಯೂ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವು ಅನ್ನುವ ಸ್ಪಷ್ಟ ಮಾತು ಬರದೇ ಇರಬಹುದು. ಅವರು ಹೇಳುವುದು ‘ಗ್ಯಾಸ್ ಆಗಿದೆ, ಬೆವರು ಬರ್ತಿದೆ’ ಅಂತ. ಪಟ್ಟಿಯನ್ನು ಸಾಫ್ಟ್‌ವೇರಿಗೆ ಹಾಕಿ ‘ಗ್ಯಾಸ್’ ಅಂದರೆ ಗ್ಯಾಸ್ಟ್ರೈಟಿಸ್ ಅಂತ ಮಾಡಿಬಿಟ್ಟರೆ ಈ ನೋಟ್ ಯಾರ ಕಣ್ಣಿಗೂ ಬೀಳುವುದಿಲ್ಲ.

‘ಸಂಕಟ’ ಇನ್ನೂ ಕಷ್ಟದ್ದು. ಒಬ್ಬರಿಗೆ ಅದು ವಾಕರಿಕೆ, ಒಬ್ಬರಿಗೆ ಎದೆ ಹಿಂಡಿದಂತೆ, ಒಬ್ಬರಿಗೆ ಹಸಿವಿನಿಂದ ಹೊಟ್ಟೆ ಕಿವುಚಿದಂತೆ, ಒಬ್ಬರಿಗೆ ಮನಸ್ಸಿನ ತಳಮಳ. ನಾನಾದರೆ ಇದಕ್ಕೆ ಯಾವ ಡೀಫಾಲ್ಟ್ ಪದವನ್ನೂ ಕೊಡುವುದಿಲ್ಲ. ಬದಲಿಗೆ ಆ ಸಾಲಿನಲ್ಲಿ ಕೇಳಬೇಕಾದ ಪ್ರಶ್ನೆ ಬರೆದಿಡುತ್ತೇನೆ: ‘ಎಲ್ಲಿ ಸಂಕಟ? ಕೈಯಿಟ್ಟು ತೋರಿಸಿ. ಬೆವರು ಬಂತಾ? ವಾಂತಿ ಬರೋ ಹಾಗಿದೆಯಾ?’ ಹಳೇ ನೋಟ್ ಓದುವವರಿಗೆ ಅದರಿಂದ ಉಪಯೋಗವಿಲ್ಲ, ನಿಜ. ನಾಳೆ ನೋಟ್ ಬರೆಯುವ ನರ್ಸ್‌ಗೆ ಇದೆ.

ಇಲ್ಲ, ಆಗಲ್ಲ, ಆಗ್ತಿಲ್ಲ

ಇಂಗ್ಲಿಷಿನಲ್ಲಿ ‘ನೋ’ ಮೊದಲೇ ಬರುತ್ತದೆ. ಕನ್ನಡದಲ್ಲಿ ‘ಇಲ್ಲ’ ಕೊನೆಗೆ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು ಬರುತ್ತದೆ. ‘ಫಿಟ್ಸ್ ಬಂದಿಲ್ಲ’ದಲ್ಲಿ ‘ಫಿಟ್ಸ್’ ಮಾತ್ರ ಹುಡುಕಿದರೆ ಬಾರದ ಫಿಟ್ಸ್ ಬಂದಂತಾಗುತ್ತದೆ. ಇಂಗ್ಲಿಷ್ ನೋಟಿಗೆ ಮಾಡಿದ ಸಾಧನಗಳು ನಿರಾಕರಣೆಯನ್ನು ಹೆಚ್ಚಾಗಿ ಪದದ ಹಿಂದೆ ಹುಡುಕಿ ಇಲ್ಲೇ ಎಡವುತ್ತವೆ.

ಜೊತೆಗೆ ಇಲ್ಲದ ಬಗೆಯೂ ಬೇರೆ ಬೇರೆ. ‘ನಡೆದಿಲ್ಲ’ ಅಂದರೆ ಇನ್ನೂ ಎಬ್ಬಿಸಿ ನಡೆಸಿಲ್ಲ. ‘ನಡೆಯಲ್ಲ’ ಅಂದರೆ ಒಪ್ಪುತ್ತಿಲ್ಲ ಅಥವಾ ಮೊದಲಿನಿಂದ ನಡೆಯುವವರಲ್ಲ. ‘ನಡೆಯೋಕೆ ಆಗ್ತಿಲ್ಲ’ ಅಂದರೆ ಈಗ ಶಕ್ತಿ ಇಲ್ಲ. ಪಟ್ಟಿಯಲ್ಲಿ ಪ್ರತಿ ನುಡಿಗಟ್ಟಿಗೂ ಇಲ್ಲದ ರೂಪವನ್ನು ಬೇರೆ ಸಾಲಾಗಿ ಬರೆಯಿರಿ. ‘ತಂದೆಗೆ ಶುಗರ್ ಇದೆ’ಯಂಥ ಸಾಲಿಗೆ ಯಾರಿಗೆ ಅನ್ನುವ ಕಾಲಂ ಇರಲಿ. ಅದು ರೋಗಿಯ ಕಾಯಿಲೆಯಲ್ಲ, ಮನೆತನದ ಇತಿಹಾಸ.

ಊರು ಬದಲಾದರೆ ಮಾತು ಬದಲು

ಮೈಸೂರು ಕಡೆ ‘ತಲೆಸುತ್ತು’, ಧಾರವಾಡದ ಕಡೆ ‘ಚಕ್ಕರ್ ಬರ್ತೈತಿ’. ಇಲ್ಲಿ ‘ಉಬ್ಬಸ’, ಅಲ್ಲಿ ‘ದಮ್ಮು’. ಇಲ್ಲಿ ‘ಪಾರ್ಶ್ವವಾಯು’ ಅಥವಾ ‘ಸ್ಟ್ರೋಕ್’, ಅಲ್ಲಿ ‘ಲಕ್ವಾ ಹೊಡೆದೈತಿ’. ಬೆಂಗಳೂರಿನ ಆಸ್ಪತ್ರೆಗೆ ಎಲ್ಲ ಕಡೆಯವರೂ ಬರುತ್ತಾರೆ, ಹಾಗಾಗಿ ಎಲ್ಲವೂ ಒಂದೇ ಪಟ್ಟಿಯಲ್ಲಿ ಇರಲಿ, ಪಕ್ಕದಲ್ಲಿ ಯಾವ ಕಡೆಯ ಮಾತು ಅಂತ ಬರೆದರೆ ಸಾಕು.

ಇನ್ನೊಂದು ವಿಷಯ, ನಮ್ಮ ವಾರ್ಡುಗಳಲ್ಲಿ ಕೇರಳದಿಂದ ಬಂದ ನರ್ಸ್‌ಗಳು ತುಂಬ ಜನ. ಕನ್ನಡವನ್ನು ಕಿವಿಯಿಂದ ಕಲಿತು, ತಮ್ಮ ಅಭ್ಯಾಸದ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ. ‘ತ’ಕ್ಕೆ `th` ಹಾಕುವುದು ಅವರಲ್ಲಿ ಸಾಮಾನ್ಯ. ಕನ್ನಡಿಗರೂ ಒಂದೇ ತರ ಬರೆಯುತ್ತಾರೆ ಅಂತೇನಿಲ್ಲ. `tale suttu`, `thale suthu`, `talesuthu` ಮೂರೂ ಒಂದೇ ವಾರ್ಡಿನಲ್ಲಿ ಸಿಗುತ್ತವೆ. ಹುಡುಕಾಟಕ್ಕೆ ಇವನ್ನೆಲ್ಲ ಒಂದೇ ಕೀಲಿಗೆ ಇಳಿಸುವ ಸಣ್ಣ ಪೈಥಾನ್ ತುಣುಕು ಇದು:

```python
import re, unicodedata

def key(s):
    s = unicodedata.normalize("NFC", s).lower()
    s = s.replace("\u200c", "").replace("\u200d", "")
    s = re.sub(r"(?<=[tdkgbp])h", "", s)
    s = re.sub(r"([a-z])\1+", r"\1", s)
    return re.sub(r"\s+", "", s)
```

ಮೇಲಿನ ಮೂರೂ ಇದರಲ್ಲಿ `talesutu` ಆಗುತ್ತವೆ. ಜೋಡಿ ಅಕ್ಷರ ತೆಗೆಯುವ ಸಾಲಿನಲ್ಲಿ `[a-z]` ಅಂತ ಇರುವುದನ್ನು ಗಮನಿಸಿ. ಅಲ್ಲಿ ಚುಕ್ಕಿ ಹಾಕಿದರೆ ಅಂಕಿಗಳೂ ಕುಗ್ಗುತ್ತವೆ, ‘ಶುಗರ್ 300’ ಹೋಗಿ ‘ಶುಗರ್ 30’ ಆಗುತ್ತದೆ. ಮೊದಲೆರಡು ಸಾಲು ಕನ್ನಡ ಅಕ್ಷರದ ನೋಟಿಗಾಗಿ. ಕನ್ನಡದ ‘ಕೊ’ವನ್ನು ಯೂನಿಕೋಡಿನಲ್ಲಿ ಎರಡು ರೀತಿ ಕೂಡಿಸಿ ಬರೆಯಬಹುದು, ಕಣ್ಣಿಗೆ ಒಂದೇ ಕಂಡರೂ ಕಂಪ್ಯೂಟರಿಗೆ ಬೇರೆ. ಕಣ್ಣಿಗೆ ಕಾಣದ ಜೋಡಕ, ಬಿಡಿಸುವ ಗುರುತುಗಳೂ ಹಾಗೆಯೇ.

ಈ ಕೀಲಿ ಎಲ್ಲವನ್ನೂ ಹಿಡಿಯುವುದಿಲ್ಲ. `bartha illa` ಮತ್ತು `bartilla` ಬೇರೆ ಬೇರೆಯಾಗೇ ಉಳಿಯುತ್ತವೆ, ಅಲ್ಲಿ ಕುಗ್ಗಿರುವುದು ಸ್ಪೆಲ್ಲಿಂಗ್ ಅಲ್ಲ, ಮಾತು. ಅವನ್ನು ‘ಕಂಡ ರೂಪಗಳು’ ಕಾಲಂನಲ್ಲಿ ಕೈಯಿಂದಲೇ ಸೇರಿಸಬೇಕು. ಕೀಲಿ ಬೇರೆ ಪದಗಳನ್ನು ಒಂದು ಮಾಡುವುದೂ ಉಂಟು, ಹಾಲಿನ `haalu` ಮತ್ತು ಹಲ್ಲಿನ `hallu` ಎರಡೂ `halu` ಆಗುತ್ತವೆ. ಹುಡುಕಿ ಕೊಡುವಷ್ಟು ಕೆಲಸ ಅದರದ್ದು, ಆರಿಸುವುದು ಮನುಷ್ಯರದ್ದು.

ಎಕ್ಸೆಲ್‌ನಲ್ಲಿ ಇಡುವವರಿಗೆ

ಸ್ನೋಮೆಡ್ ನಂಬರ್ 18 ಅಂಕಿಯವರೆಗೂ ಇರಬಹುದು. ಎಕ್ಸೆಲ್ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಂಡು ಮಿಕ್ಕಿದ್ದನ್ನು ಸೊನ್ನೆ ಮಾಡುತ್ತದೆ, ಟೈಪ್ ಮಾಡುವಾಗ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ನಂಬರ್ ಹಾಕುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿ, ಆಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಸಿಎಸ್‌ವಿ ಮಾಡುವಾಗ `CSV UTF-8` ಆರಿಸಿ, ಇಲ್ಲದಿದ್ದರೆ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ.

ಪರೀಕ್ಷೆ ಮತ್ತು ಪಾಲನೆ

ಪಟ್ಟಿ ಮಾಡಲು ಬಳಸದ ನೂರು ನೋಟ್ ತೆಗೆದುಕೊಳ್ಳಿ. ಆ ವಾರ್ಡಿನ ಒಬ್ಬ ನರ್ಸ್ ಪಟ್ಟಿ ನೋಡದೆ ಪ್ರತಿ ನುಡಿಗಟ್ಟಿಗೂ ಅರ್ಥ ಬರೆಯಲಿ. ನೀವು ಪಟ್ಟಿ ಹಿಡಿದು ಬರೆಯಿರಿ. ಹೋಲಿಸಿದಾಗ ತಪ್ಪುಗಳು ಎರಡು ಬಗೆ: ಪಟ್ಟಿಯಲ್ಲಿ ಇಲ್ಲದೇ ಹೋದದ್ದು, ಇದ್ದೂ ತಪ್ಪಾಗಿ ಹೊಂದಿದ್ದು. ಎರಡನ್ನೂ ಕೂಡಿಸಿ ಒಂದೇ ಶೇಕಡಾ ಹೇಳಬೇಡಿ. ಇಲ್ಲದೇ ಹೋದದ್ದನ್ನು ಸೇರಿಸಿದರೆ ಮುಗಿಯಿತು. ತಪ್ಪಾಗಿ ಹೊಂದಿದ್ದು ಸಿಕ್ಕರೆ ಆ ಸಾಲಿನ ಸುಳಿವುಗಳನ್ನೇ ಮತ್ತೆ ನೋಡಬೇಕು. ನನ್ನ ಲೆಕ್ಕದಲ್ಲಿ ಅಂಥ ಒಂದು ತಪ್ಪು ಬಿಟ್ಟುಹೋದ ಹತ್ತು ನುಡಿಗಟ್ಟಿಗಿಂತ ಕೆಟ್ಟದ್ದು, ಯಾಕೆಂದರೆ ಬಿಟ್ಟುಹೋದದ್ದು ಖಾಲಿಯಾಗಿ ಕಣ್ಣಿಗೆ ಕಾಣುತ್ತದೆ, ತಪ್ಪಾದದ್ದು ಕಾಣುವುದಿಲ್ಲ.

ಒಂದು ವಾರ್ಡಿನ ಪಟ್ಟಿಯನ್ನು ಇನ್ನೊಂದಕ್ಕೆ ಒಯ್ಯುವಾಗ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಹೆರಿಗೆ ವಾರ್ಡಿನಲ್ಲಿ ‘ನೀರು ಹೋಗ್ತಾ ಇದೆ’ ಅಂದರೆ ಗರ್ಭದ ನೀರು ಒಡೆದಿರಬಹುದು. ಮೆಡಿಸಿನ್ ವಾರ್ಡಿನ ಪಟ್ಟಿ ಅದನ್ನು ನೀರಿನಂಥ ಭೇದಿ ಅಂತ ಹೊಂದಿಸಿ ಕೂತಿರುತ್ತದೆ.

ಶೀಟಿಗೆ ತಾರೀಕು ಮತ್ತು ಆವೃತ್ತಿ ನಂಬರ್ ಹಾಕಿ. ಸ್ನೋಮೆಡ್‌ನ ಯಾವ ಬಿಡುಗಡೆ ನೋಡಿ ಹೊಂದಿಸಿದ್ದು ಅಂತಲೂ ಬರೆಯಿರಿ, ಹಳೆಯ ನಂಬರುಗಳನ್ನು ಅವರು ಆಗಾಗ ನಿಷ್ಕ್ರಿಯ ಮಾಡುತ್ತಾರೆ. ಸಾಲು ತೆಗೆಯಬೇಕು ಅನಿಸಿದರೆ ಅಳಿಸದೆ ‘ಬಳಕೆಯಲ್ಲಿಲ್ಲ’ ಅಂತ ಗುರುತು ಹಾಕಿ, ಹಳೇ ರಿಪೋರ್ಟ್ ಯಾವ ಅರ್ಥದ ಮೇಲೆ ನಿಂತಿತ್ತು ಅಂತ ಮುಂದೆ ಯಾರಾದರೂ ಕೇಳಿದಾಗ ತೋರಿಸಬೇಕಾಗುತ್ತದೆ. ನರ್ಸಿಂಗ್ ಸ್ಟೇಷನ್‌ನಲ್ಲಿ ಒಂದು ಹಾಳೆ ತೂಗುಹಾಕಿ, ಪಟ್ಟಿಯಲ್ಲಿಲ್ಲದ ಮಾತು ಕೇಳಿದವರು ಅದರಲ್ಲಿ ಗೀಚಲಿ. ರೋಗಿಯ ಹೆಸರು ಮಾತ್ರ ಬರೆಯಬಾರದು ಅಂತ ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಇರಲಿ.